ಕಡತ ತಪ್ಪೋ, ಉತ್ತರ ತಪ್ಪೋ?

2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಓದುತ್ತಾ ಹೋದರೆ ‘ಮೂವತ್ತು ದಿನ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಅರ್ಜಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿ ಉತ್ತರಿಸಬೇಕಾದದ್ದು 30 ದಿನದೊಳಗೆ. ಅದು ಸೆಕ್ಷನ್ 7(1). ಅವರ ಉತ್ತರ ಒಪ್ಪಿಗೆಯಾಗದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಲು 30 ದಿನ, ಅದು 19(1). ಆ ಮೇಲ್ಮನವಿಯನ್ನು ಇತ್ಯರ್ಥ ಮಾಡಲು ಮತ್ತೆ 30 ದಿನ, ಕಾರಣ ಬರೆದಿಟ್ಟರೆ 45 ದಿನದವರೆಗೆ; ಅದು 19(6). ಸಂಖ್ಯೆ ಒಂದೇ, ಸಂದರ್ಭ ಮಾತ್ರ ಮೂರು.

ಈ ಕಾಯ್ದೆಯ ಪಠ್ಯವನ್ನಿಟ್ಟುಕೊಂಡು ಜನರ ಪ್ರಶ್ನೆಗಳಿಗೆ ಉತ್ತರಿಸುವ ಒಂದು ಚಾಟ್‌ಬಾಟನ್ನು ಯಾವುದೋ ಕಚೇರಿ ಮಾಡಿಸಿದೆ ಎಂದಿಟ್ಟುಕೊಳ್ಳೋಣ. ‘ಅರ್ಜಿ ಕೊಟ್ಟಿದ್ದೇನೆ, ಎಷ್ಟು ದಿನದಲ್ಲಿ ಉತ್ತರ ಬರಬೇಕು?’ ಎಂದು ಒಬ್ಬರು ಕೇಳುತ್ತಾರೆ. ‘30 ದಿನದೊಳಗೆ’ ಎನ್ನುತ್ತದೆ ಬಾಟ್. ಪರೀಕ್ಷಿಸುವವರು ಸರಿ ಗುರುತು ಹಾಕಿ ಮುಂದೆ ಹೋಗುತ್ತಾರೆ. ಆದರೆ ಬಾಟ್ ಆ ಉತ್ತರಕ್ಕೆಂದು ಎತ್ತಿಕೊಂಡ ಪಠ್ಯ ಯಾವುದೆಂದು ಇಣುಕಿ ನೋಡಿದರೆ ಅಲ್ಲಿರುವುದು 7(1) ಅಲ್ಲ, 19(6). ಮೇಲ್ಮನವಿಯ ಅವಧಿಯನ್ನು ಓದಿ ಅದು ಅರ್ಜಿಯ ಅವಧಿಯನ್ನು ಹೇಳಿತ್ತು. ಎರಡೂ ಮೂವತ್ತೇ ಆದದ್ದರಿಂದ ತಪ್ಪು ಹೊರಗೆ ಕಾಣಲಿಲ್ಲ.

ಮಾರನೆಯ ದಿನ ಇನ್ನೊಬ್ಬರು ಕೇಳುತ್ತಾರೆ: ‘ತಮ್ಮನನ್ನು ಪೊಲೀಸರು ಕರೆದುಕೊಂಡು ಹೋಗಿದ್ದಾರೆ, ಎಲ್ಲಿಟ್ಟಿದ್ದಾರೆ ಎಂದು ಆರ್‌ಟಿಐ ಹಾಕಿದ್ದೇನೆ, ಯಾವಾಗ ಹೇಳಬೇಕು?’ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂದು 7(1)ರ ಪರಂತುಕ ಹೇಳುತ್ತದೆ. ಬಾಟ್ ಮತ್ತೆ 19(6)ನ್ನೇ ತಂದುಕೊಂಡು ‘30 ದಿನ’ ಎನ್ನುತ್ತದೆ. ಈ ರೋಗ ನಿನ್ನೆಯೇ ಇತ್ತು. ಉತ್ತರವನ್ನಷ್ಟೇ ನೋಡಿ ಅಂಕ ಕೊಟ್ಟವರಿಗೆ ಅದು ಕಾಣಲು ದಾರಿಯೇ ಇರಲಿಲ್ಲ.

ದಾಖಲೆಗಳನ್ನು ಆಧರಿಸಿ ಉತ್ತರಿಸುವ ಬಾಟ್‌ಗಳ ಒಳಗೆ ಎರಡು ಬೇರೆ ಬೇರೆ ಯಂತ್ರಗಳಿವೆ. ಕಚೇರಿಯ ಭಾಷೆಯಲ್ಲೇ ಹೇಳುವುದಾದರೆ ಒಂದು ಕಡತ ತರುವ ಗುಮಾಸ್ತ, ಇನ್ನೊಂದು ಕಡತ ನೋಡಿ ಪತ್ರ ಬರೆಯುವ ಅಧಿಕಾರಿ. ದಾಖಲೆಗಳನ್ನು ಮೊದಲೇ ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಪ್ರಶ್ನೆ ಬಂದ ಕೂಡಲೇ ಹುಡುಕುವ ಭಾಗ ಅವುಗಳಲ್ಲಿ ಪ್ರಶ್ನೆಗೆ ಹತ್ತಿರವೆನಿಸಿದ ನಾಲ್ಕೈದನ್ನು ಆರಿಸುತ್ತದೆ. ಬರೆಯುವ ಭಾಗ, ಅಂದರೆ ಭಾಷಾ ಮಾದರಿ, ಆ ತುಣುಕುಗಳನ್ನೂ ಪ್ರಶ್ನೆಯನ್ನೂ ಒಟ್ಟಿಗೆ ಓದಿ ಉತ್ತರ ಹೆಣೆಯುತ್ತದೆ. 2020ರಲ್ಲಿ ಪ್ಯಾಟ್ರಿಕ್ ಲೂಯಿಸ್ ಮತ್ತು ಸಂಗಡಿಗರು ಫೇಸ್‌ಬುಕ್‌ನ ಸಂಶೋಧನಾ ವಿಭಾಗದಿಂದ ಪ್ರಕಟಿಸಿದ ಪ್ರಬಂಧ ಈ ಜೋಡಣೆಗೆ ಕೊಟ್ಟ ಹೆಸರು ಸಂಕ್ಷೇಪದಲ್ಲಿ ‘ರ‍್ಯಾಗ್’ ಎಂದಾಗಿ ಇಂದು ತಂತ್ರಾಂಶದವರ ಬಾಯಲ್ಲಿ ಬಳಕೆಯಾಗುತ್ತಿದೆ.

ಬಳಸುವವರಿಗೆ ಈ ಎರಡು ಹಂತ ಕಾಣುವುದಿಲ್ಲ, ಕೊನೆಯ ಉತ್ತರವಷ್ಟೇ ಕಾಣುತ್ತದೆ. ಹಾಗಾಗಿ ಉತ್ತರ ತಪ್ಪಾದಾಗಲೆಲ್ಲ ಬೈಗುಳ ಬೀಳುವುದು ಭಾಷಾ ಮಾದರಿಗೆ. ‘ಇನ್ನೂ ದೊಡ್ಡ ಮಾದರಿ ಹಾಕಿ’ ಎಂಬ ಸಲಹೆ ಬರುತ್ತದೆ, ಖರ್ಚು ಏರುತ್ತದೆ. ತಪ್ಪು ಕಡತವನ್ನೇ ಮೇಜಿನ ಮೇಲಿಟ್ಟರೆ ಎಷ್ಟೇ ಬುದ್ಧಿವಂತ ಅಧಿಕಾರಿಯೂ ಸರಿಯಾದ ಪತ್ರ ಬರೆಯಲಾರ ಎಂಬುದು ಆ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಹುಡುಕಾಟವನ್ನು ಮಾತ್ರ ಪ್ರತ್ಯೇಕವಾಗಿ ಅಳೆಯುವ ವಿದ್ಯೆ ಚಾಟ್‌ಬಾಟ್‌ಗಳಿಗಿಂತ ಬಹಳ ಹಳೆಯದು. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವೈಮಾನಿಕ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ ಒಂದು ಪ್ರಯೋಗ ನಡೆಸಿದರು. ಗ್ರಂಥಾಲಯದ ವಿಷಯಸೂಚಿಗಳನ್ನು ಮಾಡುವ ಹಲವು ಪದ್ಧತಿಗಳಲ್ಲಿ ಯಾವುದು ಮೇಲು ಎಂದು ಆಗ ವಾದವೋ ವಾದ. ಕ್ಲೆವರ್ಡನ್ ವಾದ ಬಿಟ್ಟು ಲೆಕ್ಕಕ್ಕೆ ಕುಳಿತರು. ವಿಮಾನ ವಿಜ್ಞಾನದ 1400 ಲೇಖನಗಳು, 225 ಪ್ರಶ್ನೆಗಳು, ಮತ್ತು ಯಾವ ಪ್ರಶ್ನೆಗೆ ಯಾವ ಲೇಖನ ನಿಜಕ್ಕೂ ಸಂಬಂಧಪಟ್ಟದ್ದು ಎಂದು ಓದಿ ಗುರುತಿಸಿದ ಪಟ್ಟಿ. ಇಷ್ಟಿದ್ದರೆ ಯಾವ ಪದ್ಧತಿಯನ್ನಾದರೂ ಒರೆಗೆ ಹಚ್ಚಬಹುದು. ಪ್ರಶ್ನೆಗಳನ್ನು ಅವರು ಕುಳಿತಲ್ಲೇ ಕಲ್ಪಿಸಿಕೊಳ್ಳಲಿಲ್ಲ. ಪ್ರಬಂಧ ಬರೆದ ವಿಜ್ಞಾನಿಗಳಿಗೇ ಪತ್ರ ಬರೆದು ‘ನಿಮ್ಮ ಸಂಶೋಧನೆಗೆ ಕಾರಣವಾದ ಪ್ರಶ್ನೆ ಯಾವುದು?’ ಎಂದು ಕೇಳಿ ಪಡೆದರು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1992ರಿಂದ ನಡೆಸಿಕೊಂಡು ಬಂದಿರುವ ‘ಟ್ರೆಕ್’ ಎಂಬ ಹುಡುಕಾಟ ಪರೀಕ್ಷೆಗಳಿಗೂ ಇದೇ ಮಾದರಿ.

ಈಗಿನ ಬಾಟ್‌ಗೂ ಬೇಕಾದದ್ದು ಅದೇ ಮೂರು: ದಾಖಲೆಗಳು, ಪ್ರಶ್ನೆಗಳು, ಯಾವ ಪ್ರಶ್ನೆಯ ಉತ್ತರ ಯಾವ ಸಾಲಿನಲ್ಲಿದೆ ಎಂಬ ಗುರುತು. ಮೂರನೆಯದನ್ನು ಮನುಷ್ಯರೇ ಕುಳಿತು ಮಾಡಬೇಕು. ಬೇಸರದ ಕೆಲಸ, ಅದಕ್ಕೇ ಹೆಚ್ಚಿನವರು ಅದನ್ನು ತಪ್ಪಿಸಿಕೊಳ್ಳುತ್ತಾರೆ.

ಮಾಹಿತಿ ಹಕ್ಕಿನ ಬಾಟ್‌ಗೆ ನೂರು ಪ್ರಶ್ನೆಗಳ ಪಟ್ಟಿ ಮಾಡಬೇಕು ಎನ್ನಿ. ಕಾಯ್ದೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಪ್ರಶ್ನೆ ಬರೆದರೆ ಅವು ಕಾಯ್ದೆಯ ಮಾತಿನಲ್ಲೇ ಬರುತ್ತವೆ: ‘ನಿಗದಿತ ಅವಧಿಯೊಳಗೆ ನಿರ್ಣಯ ನೀಡದಿದ್ದಲ್ಲಿ ಕೋರಿಕೆಯ ಸ್ಥಿತಿ ಏನು?’ ಹೀಗೆ ಕೇಳಿದರೆ ಯಾವ ಹುಡುಕುವ ಯಂತ್ರವೂ 7(2)ನ್ನು ಥಟ್ಟನೆ ತಂದುಕೊಡುತ್ತದೆ, ಅಂಕ ಆಕಾಶಕ್ಕೇರುತ್ತದೆ. ತಾಲ್ಲೂಕು ಕಚೇರಿಯ ಮುಂದೆ ನಿಂತವರು ಕೇಳುವುದು ಹೀಗೆ: ‘ಆರ್‌ಟಿಐ ಹಾಕಿ ಒಂದೂವರೆ ತಿಂಗಳಾಯ್ತು, ಏನೂ ಬಂದಿಲ್ಲ, ಈಗೇನು ಮಾಡೋದು?’ ಪ್ರಶ್ನೆಗಳು ಇಂಥವರಿಂದಲೇ ಬರಬೇಕು. ಸಹಾಯವಾಣಿಯ ಹಳೆಯ ದಾಖಲೆಗಳಿಂದ, ಕೌಂಟರಿನಲ್ಲಿ ಕೂರುವ ಸಿಬ್ಬಂದಿಯ ನೆನಪಿನಿಂದ, ಬಾಟ್ ಆಗಲೇ ಬಳಕೆಯಲ್ಲಿದ್ದರೆ ಅದರ ದಿನಚರಿಯಿಂದ.

ಗುರುತು ಹಾಕುವಾಗಲೂ ಸೂಕ್ಷ್ಮವಿದೆ. ಮೇಲಿನ ಒಂದೂವರೆ ತಿಂಗಳ ಪ್ರಶ್ನೆಗೆ ಒಂದು ತುಣುಕು ಸಾಲದು. ಅವಧಿ ಮೀರಿದರೆ ಕೋರಿಕೆಯನ್ನು ನಿರಾಕರಿಸಿದಂತೆ ಎಂದು 7(2) ಹೇಳುತ್ತದೆ. ಆಮೇಲೆ ಮಾಹಿತಿ ಕೊಟ್ಟರೆ ಅದನ್ನು ಉಚಿತವಾಗಿ ಕೊಡಬೇಕೆಂಬುದು 7(6)ರಲ್ಲಿದೆ. ಮೊದಲ ಮೇಲ್ಮನವಿಯ ದಾರಿ 19(1)ರಲ್ಲಿದೆ. ಮೂರೂ ಬಂದರೆ ಮಾತ್ರ ಪೂರ್ಣ. ಮೂರರಲ್ಲಿ ಎರಡು ಬಂದರೆ ಹುಡುಕಾಟಕ್ಕೆ ಮೂರನೆಯ ಎರಡಂಶ ಅಂಕ. ಬೇಕಾದದ್ದರಲ್ಲಿ ಎಷ್ಟು ಪಾಲು ಸಿಕ್ಕಿತು ಎಂಬ ಈ ಅಳತೆಗೆ ‘ರೀಕಾಲ್’ ಎನ್ನುತ್ತಾರೆ. ತಂದದ್ದರಲ್ಲಿ ಎಷ್ಟು ಪಾಲು ಉಪಯೋಗದ್ದು ಎಂಬುದು ‘ಪ್ರಿಸಿಶನ್’. ರ‍್ಯಾಗ್ ಬಾಟ್‌ನಲ್ಲಿ ಮೊದಲು ನೋಡಬೇಕಾದದ್ದು ರೀಕಾಲ್. ಬಾರದೇ ಹೋದ ತುಣುಕನ್ನು ಬರೆಯುವ ಭಾಗ ಎಲ್ಲಿಂದ ತಂದೀತು?

ಈಗ ಲೆಕ್ಕಕ್ಕಾಗಿ ಒಂದು ಉದಾಹರಣೆ ಕಟ್ಟೋಣ. ಅಂಕಿಗಳು ಕಲ್ಪಿತ, ಲೆಕ್ಕದ ದಾರಿ ನಿಜ. ನೂರು ಪ್ರಶ್ನೆ ಕೇಳಲಾಯಿತು, 68ಕ್ಕೆ ಉತ್ತರ ಸರಿ, 32 ತಪ್ಪು. ಇಷ್ಟೇ ಗೊತ್ತಿದ್ದರೆ ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯದು. ಪ್ರತಿ ಪ್ರಶ್ನೆಗೂ ಬಾಟ್ ಎತ್ತಿಕೊಂಡ ಐದು ತುಣುಕುಗಳನ್ನು ದಾಖಲಿಸಿಟ್ಟುಕೊಂಡು, ಬೇಕಾದದ್ದು ಅವುಗಳಲ್ಲಿತ್ತೇ ಎಂದು ನೋಡಿದರೆ ಚಿತ್ರ ಬಿಚ್ಚಿಕೊಳ್ಳುತ್ತದೆ. 70 ಪ್ರಶ್ನೆಗಳಲ್ಲಿ ಸರಿಯಾದ ತುಣುಕು ಬಂದಿತ್ತು; ಅವುಗಳಲ್ಲಿ 62ಕ್ಕೆ ಉತ್ತರ ಸರಿ, 8ಕ್ಕೆ ತಪ್ಪು. ಉಳಿದ 30 ಪ್ರಶ್ನೆಗಳಲ್ಲಿ ಬೇಕಾದ ತುಣುಕು ಬಂದೇ ಇರಲಿಲ್ಲ. ಅವುಗಳಲ್ಲಿ 24 ತಪ್ಪು, 6 ಹೇಗೋ ಸರಿ.

ಅಂದರೆ 32 ತಪ್ಪುಗಳಲ್ಲಿ 24 ಗುಮಾಸ್ತನ ಲೆಕ್ಕಕ್ಕೆ, 8 ಅಧಿಕಾರಿಯ ಲೆಕ್ಕಕ್ಕೆ. ಜಗತ್ತಿನ ಅತ್ಯುತ್ತಮ ಭಾಷಾ ಮಾದರಿಯನ್ನೇ ತಂದು ಕೂರಿಸಿದರೂ, ಕೊಟ್ಟ ತುಣುಕುಗಳನ್ನೇ ನಂಬಿ ಬರೆಯುವುದಾದರೆ, ಈ ಬಾಟ್ 76 ದಾಟುವುದಿಲ್ಲ. ಹುಡುಕಾಟ ಸರಿಯಾದರೆ ದಾಟಬಹುದು. ಸರಿಯಾದ ತುಣುಕು ಕೈಯಲ್ಲಿದ್ದಾಗ ಈಗಿನ ಮಾದರಿಯೇ 70ಕ್ಕೆ 62, ಅಂದರೆ ನೂರಕ್ಕೆ ಸುಮಾರು 89ರಂತೆ ಸರಿಯಾಗಿ ಬರೆಯುತ್ತಿದೆ. ಹಣ ಎಲ್ಲಿ ಹಾಕಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಆ 89 ಎಂಬ ಅಂಕಿಯನ್ನು ಪೂರ್ತಿ ನಂಬುವ ಮೊದಲು ಒಂದು ಖಾತರಿ ಮಾಡಿಕೊಳ್ಳಬೇಕು. ಹುಡುಕಾಟಕ್ಕೆ ಸುಲಭವಾಗಿ ಸಿಕ್ಕಿದ ಪ್ರಶ್ನೆಗಳು ಬಹುಮಟ್ಟಿಗೆ ಸರಳ ಪ್ರಶ್ನೆಗಳೇ. ಕಷ್ಟದವು ಆ 30ರಲ್ಲಿ ಉಳಿದಿರಬಹುದು. ಹಾಗಾಗಿ ಹುಡುಕುವ ಭಾಗವನ್ನು ಪೂರ್ತಿ ಬದಿಗಿಟ್ಟು, ನೂರೂ ಪ್ರಶ್ನೆಗಳಿಗೆ ಮನುಷ್ಯರು ಗುರುತಿಸಿದ ಸರಿಯಾದ ತುಣುಕನ್ನು ಕೈಯಾರೆ ಕೊಟ್ಟು ಬರೆಯುವ ಭಾಗವನ್ನು ಪರೀಕ್ಷಿಸುತ್ತಾರೆ. ಆಗಲೂ 15 ತಪ್ಪಾದರೆ ಅಷ್ಟು ತಪ್ಪು ಬರವಣಿಗೆಯದೇ, ಹುಡುಕಾಟದ ಮೇಲೆ ಹೊರೆಸುವಂತಿಲ್ಲ. ಅರ್ಧ ದಿನದಲ್ಲಿ ಮುಗಿಯುವ ಈ ಪರೀಕ್ಷೆ ಎಷ್ಟೋ ದೀರ್ಘ ಸಭೆಗಳನ್ನು ಉಳಿಸುತ್ತದೆ.

‘ಹೇಗೋ ಸರಿ’ಯಾದ ಆ ಆರು ಉತ್ತರಗಳು ಎಲ್ಲಕ್ಕಿಂತ ಕುತೂಹಲದವು. ಕೆಲವು 30 ದಿನದ ಉದಾಹರಣೆಯಂತೆ ಕಾಕತಾಳೀಯ. ಕೆಲವು ಭಾಷಾ ಮಾದರಿ ತನ್ನ ತರಬೇತಿಯ ನೆನಪಿನಿಂದ ಹೇಳಿದವು. ಮಾಹಿತಿ ಹಕ್ಕು ಕಾಯ್ದೆಯ ಬಗ್ಗೆ ಅಂತರ್ಜಾಲದಲ್ಲಿ ರಾಶಿ ಬರಹಗಳಿವೆ, ಮಾದರಿ ಅವನ್ನೆಲ್ಲ ಓದಿಕೊಂಡೇ ಬಂದಿರುತ್ತದೆ. ಆದರೆ ನೆನಪಿಗೆ ತಿದ್ದುಪಡಿಗಳ ಅರಿವು ಇರಲೇಬೇಕೆಂದಿಲ್ಲ. ಮುಖ್ಯ ಮಾಹಿತಿ ಆಯುಕ್ತರ ಅವಧಿ ಮೂಲ ಕಾಯ್ದೆಯಲ್ಲಿ ಐದು ವರ್ಷ ಇತ್ತು. 2019ರ ತಿದ್ದುಪಡಿ ಅದನ್ನು ಕೇಂದ್ರ ಸರ್ಕಾರ ನಿಗದಿಪಡಿಸುವ ಅವಧಿ ಎಂದು ಬದಲಿಸಿತು, ಅದೇ ವರ್ಷದ ನಿಯಮಗಳು ಮೂರು ವರ್ಷಕ್ಕೆ ಇಳಿಸಿದವು. ಹದಿನಾಲ್ಕು ವರ್ಷ ಕಾಲ ಬರೆದದ್ದರಲ್ಲೆಲ್ಲ ‘ಐದು ವರ್ಷ’ ಎಂದೇ ಇದೆ. ತಿದ್ದುಪಡಿಯ ತುಣುಕನ್ನು ಹುಡುಕುವ ಭಾಗ ತಾರದಿದ್ದರೆ ಮಾದರಿ ಹಳೆಯ ಪಾಠವನ್ನೇ ಒಪ್ಪಿಸೀತು, ಅದೂ ಬಲು ಆತ್ಮವಿಶ್ವಾಸದಿಂದ.

ಇನ್ನೊಂದು ಬಗೆ ಇದಕ್ಕಿಂತ ಜಾಣತನದ್ದು. ‘ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿ ಎಷ್ಟು ಪದ ಇರಬಹುದು?’ ಎಂಬ ಪ್ರಶ್ನೆ ತೆಗೆದುಕೊಳ್ಳಿ. ಕಾಯ್ದೆಯಲ್ಲಿ ಪದಮಿತಿಯ ಮಾತೇ ಇಲ್ಲ. ಕರ್ನಾಟಕದ ನಿಯಮಗಳಿಗೆ 2008ರಲ್ಲಿ ಸೇರಿಸಿದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರದ 2012ರ ನಿಯಮಗಳಲ್ಲಿ ಇದೇ ಮಿತಿ 500 ಪದ. ಬಾಟ್‌ನ ಬಳಿ ಕಾಯ್ದೆ ಮಾತ್ರ ಇದ್ದರೆ ಅದು ಹೇಳಬೇಕಾದ ಸರಿ ಉತ್ತರ ‘ನನ್ನ ಬಳಿ ಇರುವ ದಾಖಲೆಯಲ್ಲಿ ಇದಿಲ್ಲ’ ಎಂಬುದೇ. 500 ಎಂದು ನೆನಪಿನಿಂದ ಹೇಳಿದರೆ ಕರ್ನಾಟಕದ ಅರ್ಜಿದಾರರ ಅರ್ಜಿ ಕಚೇರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಗುಮಾಸ್ತನನ್ನು ದೂರಿ ಫಲವಿಲ್ಲ, ಕಪಾಟಿನಲ್ಲೇ ಕಡತವಿಲ್ಲ. ಆದ್ದರಿಂದ ಪರೀಕ್ಷೆಯ ಪಟ್ಟಿಯಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳನ್ನೂ ಬೇಕೆಂದೇ ಸೇರಿಸುತ್ತಾರೆ. ಅವುಗಳಿಗೆ ಹುಡುಕಾಟದ ಅಂಕವಿಲ್ಲ, ಬಾಟ್ ಸುಮ್ಮನಿರಲು ಬಲ್ಲುದೇ ಎಂಬುದಷ್ಟೇ ಅಂಕ.

ಹುಡುಕಾಟ ಸೋತಿದೆ ಎಂದು ಗೊತ್ತಾದ ಮೇಲೆ ಎಲ್ಲಿ ಸೋತಿತು ಎಂದು ಹಿಡಿಯಲು ಒಂದು ಸುಲಭ ಉಪಾಯವಿದೆ. ಐದರ ಬದಲು ನೂರು ತುಣುಕು ತರಿಸಿ, ಬೇಕಾದದ್ದು ಎಷ್ಟನೆಯ ಸ್ಥಾನದಲ್ಲಿದೆ ನೋಡುವುದು. ಏಳನೆಯದೋ ಹನ್ನೆರಡನೆಯದೋ ಆಗಿದ್ದರೆ ಯಂತ್ರಕ್ಕೆ ವಿಷಯದ ವಾಸನೆ ಸಿಕ್ಕಿದೆ, ಕ್ರಮ ಮಾತ್ರ ತಪ್ಪಿದೆ ಎಂದರ್ಥ. ಬಂದದ್ದನ್ನು ಇನ್ನೊಮ್ಮೆ ಜಾಗ್ರತೆಯಿಂದ ತೂಗಿ ಸಾಲು ಹಚ್ಚುವ ಎರಡನೆಯ ಹಂತ ಸೇರಿಸಿದರೆ ಸಾಕಾಗಬಹುದು. ನೂರರಲ್ಲೂ ಇಲ್ಲದಿದ್ದರೆ ತೊಂದರೆ ಬೇರೆ, ಬಹುಶಃ ಆ ಪಠ್ಯ ಒಳಗೆ ಹೋಗಿಯೇ ಇಲ್ಲ.

ಕನ್ನಡದ ದಾಖಲೆಗಳಲ್ಲಿ ಈ ಎರಡನೆಯದು ಅಪರೂಪವಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು, ಎಷ್ಟೋ ಕಡೆ ಬಂದ ಮೇಲೂ, ಸರ್ಕಾರಿ ಆದೇಶಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಪಿಡಿಎಫ್ ತೆರೆದರೆ ಕಣ್ಣಿಗೆ ಕಾಣುವುದು ಅಚ್ಚುಕಟ್ಟಾದ ಕನ್ನಡ. ಅದರೊಳಗಿನ ಪಠ್ಯವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ‘ಕನ್ನಡ’ ಎಂಬ ಪದ `PÀ£ÀßqÀ` ಎಂದು ಬೀಳುತ್ತದೆ. ಹುಡುಕುವ ಯಂತ್ರ ಓದುವುದು ಈ ಎರಡನೆಯದನ್ನು. ಅಂಥ ಕಡತ ಸೂಚಿಯಲ್ಲಿ ಹೆಸರಿಗೆ ಇರುತ್ತದೆ, ಯಾವ ಪ್ರಶ್ನೆಗೂ ಸಿಗುವುದಿಲ್ಲ. ಬಾಟ್ ಮಾತ್ರ ಪಕ್ಕದ ಯಾವುದೋ ಕಡತ ನೋಡಿ ನಿರರ್ಗಳವಾಗಿ ಉತ್ತರಿಸುತ್ತಿರುತ್ತದೆ. ಉತ್ತರಗಳನ್ನಷ್ಟೇ ಓದುವವರು ಇದನ್ನು ವರ್ಷಗಟ್ಟಲೆ ಕಾಣದೆ ಇರಬಹುದು, ತುಣುಕುಗಳ ಪಟ್ಟಿಯನ್ನು ನೋಡುವವರಿಗೆ ಮೊದಲ ಗಂಟೆಯಲ್ಲೇ ಸಿಕ್ಕಿಬೀಳುತ್ತದೆ.

ಪದಗಳನ್ನು ಹೋಲಿಸಿ ಹುಡುಕುವ ಹಳೆಯ ಪದ್ಧತಿಗಳಿಗೆ ಕನ್ನಡದ ವಿಭಕ್ತಿಗಳೂ ತೊಡಕೇ. ‘ಮೇಲ್ಮನವಿ’, ‘ಮೇಲ್ಮನವಿಯನ್ನು’, ‘ಮೇಲ್ಮನವಿಗೆ’ ಇವು ಅಂಥ ಯಂತ್ರಕ್ಕೆ ಮೂರು ಬೇರೆ ಪದಗಳು. ಜನ ಬಳಸುವ ‘ಅಪೀಲು’ ನಾಲ್ಕನೆಯದು. ವಾಕ್ಯದ ಅರ್ಥವನ್ನು ಸಂಖ್ಯೆಗಳ ಉದ್ದ ಸಾಲಾಗಿಸಿ, ಸಾಲುಗಳ ನಡುವಿನ ದೂರ ಅಳೆಯುವ ಹೊಸ ಪದ್ಧತಿ ಅಪೀಲನ್ನೂ ಮೇಲ್ಮನವಿಯನ್ನೂ ಹತ್ತಿರ ತರಬಲ್ಲದು. ಆದರೆ 19(1), 19(3) ಎಂಬ ನಿಖರ ಗುರುತುಗಳಲ್ಲಿ ಅದೇ ಎಡವುತ್ತದೆ. ಮೊದಲ ಮೇಲ್ಮನವಿಯ 30 ದಿನ, ಎರಡನೆಯದರ 90 ದಿನ ಅದರ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಎರಡೂ ಪದ್ಧತಿಗಳನ್ನು ಬೆರೆಸಿ ಬಳಸುವುದು ಈಗ ರೂಢಿ. ಬೆರೆಸಿದ್ದರಿಂದ ಲಾಭವಾಯಿತೇ ಎಂಬುದನ್ನು ಮತ್ತೆ ಆ ನೂರು ಪ್ರಶ್ನೆಗಳೇ ಹೇಳಬೇಕು. ಇಲ್ಲೊಂದು ಎಚ್ಚರ: ನೂರು ಪ್ರಶ್ನೆಗಳಲ್ಲಿ 70ರಿಂದ 73ಕ್ಕೆ ಏರಿದ್ದನ್ನು ಗೆಲುವೆಂದು ಕರೆಯಲಾಗದು. ಬೇರೆ ನೂರು ಪ್ರಶ್ನೆ ಆರಿಸಿದ್ದರೆ ಅಂಕಿ ಎಂಟೊಂಬತ್ತು ಆಚೀಚೆ ಸುಲಭವಾಗಿ ಓಲಾಡುತ್ತಿತ್ತು. ಯಾವ ಪ್ರಶ್ನೆಗಳು ಹೊಸದಾಗಿ ಸಿಕ್ಕವು, ಯಾವುವು ಹೊಸದಾಗಿ ಕೈತಪ್ಪಿದವು ಎಂದು ಒಂದೊಂದಾಗಿ ನೋಡುವುದು ಮೇಲು.

ಕತ್ತರಿಸುವ ಕೆಲಸದಲ್ಲೂ ಅನಾಹುತವಾಗುತ್ತದೆ. 7(1)ರ ಮುಖ್ಯ ವಾಕ್ಯವನ್ನು ಒಂದು ತುಣುಕಿಗೂ 48 ಗಂಟೆಯ ಪರಂತುಕವನ್ನು ಮುಂದಿನ ತುಣುಕಿಗೂ ಹಾಕಿದರೆ, ಪರಂತುಕ ಯಾವುದಕ್ಕೆ ಸೇರಿದ್ದೆಂದು ಹೇಳುವ ಪದಗಳೇ ಅದರ ಜೊತೆ ಇರುವುದಿಲ್ಲ. ‘ಸೆಕ್ಷನ್ 7 ಬಂತೇ?’ ಎಂದು ಒರಟಾಗಿ ಅಳೆದರೆ ಹುಡುಕಾಟಕ್ಕೆ ಪೂರ್ಣ ಅಂಕ ಬರುತ್ತದೆ, ಆದರೂ ಉತ್ತರ ತಪ್ಪುತ್ತದೆ, ದೂರು ಅನ್ಯಾಯವಾಗಿ ಬರೆಯುವ ಭಾಗದ ತಲೆಗೆ ಕಟ್ಟುತ್ತದೆ. ಗುರುತನ್ನು ಸೆಕ್ಷನ್ನಿನ ಮಟ್ಟದಲ್ಲಿ ಬಿಟ್ಟು ವಾಕ್ಯದ ಮಟ್ಟದಲ್ಲಿ ಹಾಕಬೇಕು ಎನ್ನುವುದು ಇದಕ್ಕೇ.

ಇಷ್ಟೆಲ್ಲ ಏಕೆ, ಐದರ ಬದಲು ಮೂವತ್ತು ತುಣುಕು ಕೊಟ್ಟುಬಿಟ್ಟರೆ ಯಾವುದೂ ತಪ್ಪಿಹೋಗುವುದಿಲ್ಲವಲ್ಲ ಎನಿಸಬಹುದು. ಹುಡುಕಾಟದ ಅಂಕ ಏರುವುದು ನಿಜ. ಉತ್ತರದ ಅಂಕ ಏರಲೇಬೇಕೆಂದಿಲ್ಲ. ಸ್ಟ್ಯಾನ್‌ಫರ್ಡ್‌ನ ನೆಲ್ಸನ್ ಲಿಯು ಮತ್ತು ಸಂಗಡಿಗರು 2023ರಲ್ಲಿ ಇದನ್ನೇ ಪರೀಕ್ಷಿಸಿದರು. ಉತ್ತರವಿರುವ ದಾಖಲೆಯನ್ನು ಸಾಲಿನ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಇಟ್ಟು ನೋಡಿದಾಗ, ಮೊದಲಲ್ಲೋ ಕೊನೆಯಲ್ಲೋ ಇದ್ದದ್ದನ್ನು ಮಾದರಿಗಳು ಚೆನ್ನಾಗಿ ಬಳಸಿಕೊಂಡವು, ನಡುವಿನದ್ದನ್ನು ಬಿಟ್ಟುಬಿಟ್ಟವು. ಇಪ್ಪತ್ತು ದಾಖಲೆಗಳ ನಡುವೆ ಉತ್ತರ ಹುದುಗಿದ್ದಾಗ ಆ ಕಾಲದ ಒಂದು ಹೆಸರಾಂತ ಮಾದರಿ, ಯಾವ ದಾಖಲೆಯೂ ಇಲ್ಲದೆ ನೆನಪಿನಿಂದ ಹೇಳಿದ್ದಕ್ಕಿಂತಲೂ ಕಡಿಮೆ ಅಂಕ ಪಡೆಯಿತು. ಆಮೇಲೆ ಬಂದ ಮಾದರಿಗಳು ಸುಧಾರಿಸಿವೆ. ಆದರೂ ತುಣುಕುಗಳ ಸಂಖ್ಯೆ ಬದಲಿಸಿದಾಗಲೆಲ್ಲ ಎರಡೂ ಅಂಕಗಳನ್ನು ಒಟ್ಟಿಗೆ ನೋಡಬೇಕು. ಒಂದು ಏರಿ ಇನ್ನೊಂದು ಇಳಿಯುವ ಜಾಗ ಅಲ್ಲೇ ಎಲ್ಲೋ ಇರುತ್ತದೆ.

ಸರಿಯಾದ ಕಡತ ಮುಂದಿದ್ದೂ ಉತ್ತರ ತಪ್ಪಾಗುವುದಕ್ಕೆ ನ್ಯಾಯಮಂಡಳಿಯ ಮೆಟ್ಟಿಲೇರಿದ ಒಂದು ಪ್ರಸಂಗವನ್ನು ನೆನೆಯಬಹುದು. ಅಜ್ಜಿ ತೀರಿಕೊಂಡಾಗ ಕೆನಡಾದ ಒಬ್ಬ ಪ್ರಯಾಣಿಕರು ಏರ್ ಕೆನಡಾದ ಜಾಲತಾಣದ ಚಾಟ್‌ಬಾಟ್‌ನಲ್ಲಿ ಶೋಕ ಸಂದರ್ಭದ ರಿಯಾಯಿತಿ ದರದ ಬಗ್ಗೆ ವಿಚಾರಿಸಿದರು. ಟಿಕೆಟ್ ಕೊಂಡ 90 ದಿನದೊಳಗೆ ಅರ್ಜಿ ಸಲ್ಲಿಸಿ ರಿಯಾಯಿತಿ ಪಡೆಯಬಹುದೆಂಬ ಅರ್ಥದ ಉತ್ತರ ಬಂತು. ಅದೇ ಉತ್ತರದಲ್ಲಿ ಕಂಪನಿಯ ನೀತಿಯ ಪುಟಕ್ಕೆ ಕೊಂಡಿಯೂ ಇತ್ತು. ಮುಗಿದ ಪ್ರಯಾಣಕ್ಕೆ ಈ ರಿಯಾಯಿತಿ ಅನ್ವಯಿಸದು ಎಂದು ಆ ಪುಟ ಹೇಳುತ್ತಿತ್ತು! ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬ ಧಾಟಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಒಪ್ಪದೆ, 2024ರ ಫೆಬ್ರುವರಿಯಲ್ಲಿ 650.88 ಕೆನಡಾ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಬಾಟ್‌ನ ಒಳರಚನೆ ಹೇಗಿದ್ದರೂ, ತೋರಿಸಿದ ಪುಟ ಸರಿ, ಹೇಳಿದ ಮಾತು ತಪ್ಪು ಎಂಬ ಸ್ಥಿತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗದು. ಹುಡುಕಾಟದ ಅಂಕಪಟ್ಟಿಯಲ್ಲಿ ಇಂಥದು ಪಾಸಾಗಿಬಿಡುತ್ತದೆ.

ಹಾಗಾಗಿ ಉತ್ತರಕ್ಕೆ ಅಂಕ ಕೊಡುವಾಗಲೂ ಎರಡು ಪ್ರಶ್ನೆಗಳನ್ನು ಕಲಸಬಾರದು. ಕೊಟ್ಟ ತುಣುಕುಗಳಿಗೆ ಉತ್ತರ ನಿಷ್ಠವಾಗಿದೆಯೇ? ಕೇಳಿದವರಿಗೆ ಅದು ಸರಿಯಾದ ಉತ್ತರವೇ? ತಮ್ಮನ ಪ್ರಶ್ನೆಗೆ 19(6)ನ್ನು ನೋಡಿ ‘30 ದಿನ’ ಎಂದ ಉತ್ತರದ ನಿಷ್ಠೆ ನೂರಕ್ಕೆ ನೂರು, ಸರಿತನ ಸೊನ್ನೆ. ನಿಷ್ಠೆಯನ್ನು ಅಳೆಯಲು 2023ರಲ್ಲಿ ಬಂದ ‘ರಾಗಾಸ್’ ಎಂಬ ಸಲಕರಣೆ ಉತ್ತರವನ್ನು ಸಣ್ಣ ಸಣ್ಣ ಹೇಳಿಕೆಗಳಾಗಿ ಬಿಡಿಸಿ, ಪ್ರತಿಯೊಂದಕ್ಕೂ ತುಣುಕುಗಳಲ್ಲಿ ಆಧಾರವಿದೆಯೇ ಎಂದು ಇನ್ನೊಂದು ಭಾಷಾ ಮಾದರಿಯಿಂದ ಪರಿಶೀಲಿಸುತ್ತದೆ. ಐದು ಹೇಳಿಕೆಗಳಲ್ಲಿ ನಾಲ್ಕಕ್ಕೆ ಆಧಾರ ಸಿಕ್ಕರೆ 0.8. ಅನುಕೂಲದ ಸಾಧನ, ಆದರೆ ತೀರ್ಪುಗಾರನೂ ಯಂತ್ರವೇ ಆದ್ದರಿಂದ ಉದ್ದನೆಯ, ನಯವಾದ ಉತ್ತರಗಳಿಗೆ ಮರುಳಾಗುವ ಚಾಳಿ ಅದಕ್ಕೂ ಉಂಟು. ಒಂದಷ್ಟು ಉತ್ತರಗಳಿಗೆ ಮನುಷ್ಯರೂ ಅಂಕ ಕೊಟ್ಟು ಎರಡೂ ಎಷ್ಟು ಹೊಂದುತ್ತವೆ ಎಂದು ನೋಡದೆ ಆ ಅಂಕಿಯನ್ನು ವರದಿಗೆ ಸೇರಿಸುವುದು ಸರಿಯಲ್ಲ. ಕನ್ನಡದ ಉತ್ತರಗಳಿಗಂತೂ ಈ ಹೋಲಿಕೆ ಮಾಡಲೇಬೇಕು.

ಪರಿಣತರಿಗೆಂದೇ ಮಾರುವ ದುಬಾರಿ ಸಾಧನಗಳೂ ಇದರಿಂದ ಹೊರತಲ್ಲ. ಅಮೆರಿಕದ ವಕೀಲರು ಬಳಸುವ ಕಾನೂನು ಸಂಶೋಧನಾ ಸಾಧನಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2024ರಲ್ಲಿ ಪರೀಕ್ಷಿಸಿದಾಗ, ದಾಖಲೆ ಹುಡುಕಿ ಉತ್ತರಿಸುವ ಅವು ನೂರಕ್ಕೆ 17ರಿಂದ 33 ಪ್ರಶ್ನೆಗಳಲ್ಲಿ ಆಧಾರವಿಲ್ಲದ್ದನ್ನೋ ತಪ್ಪನ್ನೋ ಹೇಳಿದ್ದು ಕಂಡುಬಂತು. ಕಾರಣ ಹುಡುಕಿದಾಗ ಎರಡೂ ಬಗೆ ಸಿಕ್ಕವು. ಕೆಲವೆಡೆ ಪ್ರಶ್ನೆಗೆ ಸಂಬಂಧವಿಲ್ಲದ ತೀರ್ಪನ್ನೇ ತರಲಾಗಿತ್ತು, ಕೆಲವೆಡೆ ತಂದ ತೀರ್ಪನ್ನು ತಪ್ಪಾಗಿ ಓದಲಾಗಿತ್ತು.

ಕರ್ನಾಟಕದಲ್ಲಿ ಯಾವುದೇ ಇಲಾಖೆ, ಬ್ಯಾಂಕು, ವಿಶ್ವವಿದ್ಯಾಲಯ ಇಂಥ ಬಾಟನ್ನು ಕೊಳ್ಳುವಾಗ ‘ನಿಖರತೆ ಶೇಕಡಾ ಇಷ್ಟು’ ಎಂಬ ಒಂಟಿ ಅಂಕಿಗೆ ಸಹಿ ಹಾಕಬಾರದು. ಟೆಂಡರಿನಲ್ಲೇ ಕೇಳಬೇಕಾದದ್ದು ಇಷ್ಟು: ಜನರ ಮಾತಿನಲ್ಲೇ ಇರುವ, ನಮ್ಮದೇ ಸಿಬ್ಬಂದಿ ವಾಕ್ಯದ ಮಟ್ಟಕ್ಕೆ ಗುರುತು ಹಾಕಿದ ಕನ್ನಡ ಪ್ರಶ್ನೆಗಳ ಮೇಲೆ ಹುಡುಕಾಟದ ಅಂಕ ಎಷ್ಟು, ಸರಿಯಾದ ತುಣುಕು ಕೊಟ್ಟಾಗ ಉತ್ತರದ ಅಂಕ ಎಷ್ಟು, ಉತ್ತರವೇ ಇಲ್ಲದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ‘ಇಲ್ಲ’ ಎಂದಿತು. ಜೊತೆಗೆ ಪ್ರತಿ ಉತ್ತರದ ಹಿಂದಿನ ತುಣುಕುಗಳ ದಾಖಲೆ ಇಲಾಖೆಯ ಕೈಯಲ್ಲೇ ಉಳಿಯಬೇಕೆಂಬ ಷರತ್ತೂ ಇರಲಿ. ಆ ದಾಖಲೆ ಇಲ್ಲದಿದ್ದರೆ, ನಾಳೆ ಯಾರಾದರೂ ತಪ್ಪು ಉತ್ತರದ ಬಗ್ಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೂ ಕೊಡಲು ಕಚೇರಿಯ ಬಳಿ ಏನೂ ಇರುವುದಿಲ್ಲ.